ಕಟಾನ್ ದ್ವೀಪದಲ್ಲಿ ಮನೆ ಹೂಡುವ ಮೂಲೆ

ಕಟಾನ್ ಆಟದಲ್ಲಿ ಸೋತವರು ಸಾಮಾನ್ಯವಾಗಿ ದಾಳವನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಆಗಿರುವುದು ದಾಳ ಕೈಗೆ ಬರುವ ಮೊದಲೇ.

ಜರ್ಮನಿಯ ಕ್ಲೌಸ್ ಟ್ಯೂಬರ್ ರಚಿಸಿದ ಈ ಆಟ 1995ರಲ್ಲಿ ಹೊರಬಂತು. ಹಲಗೆಯ ಮೇಲೆ ಆರು ಮೂಲೆಯ 19 ಬಿಲ್ಲೆಗಳ ದ್ವೀಪ. ಕಾಡು ಮರ ಕೊಡುತ್ತದೆ, ಗುಡ್ಡ ಇಟ್ಟಿಗೆ, ಹುಲ್ಲುಗಾವಲು ಉಣ್ಣೆ, ಹೊಲ ಗೋಧಿ, ಬೆಟ್ಟ ಅದಿರು. ಒಂದು ಬಿಲ್ಲೆ ಮರಳುಗಾಡು, ಏನೂ ಕೊಡದು. ಉಳಿದ 18ರ ಮೇಲೆ ಒಂದೊಂದು ಸಂಖ್ಯೆ. ಯಾರೇ ಎರಡು ದಾಳ ಹಾಕಲಿ, ಅದೇ ಮೊತ್ತದ ಬಿಲ್ಲೆಯ ಮೂಲೆಯಲ್ಲಿ ಮನೆಯಿದ್ದವರಿಗೆಲ್ಲ ಕಾರ್ಡು ಸಿಗುತ್ತದೆ. ಶುರುವಿನಲ್ಲಿ ಪ್ರತಿಯೊಬ್ಬರೂ ಎರಡೆರಡು ಮನೆ ಹೂಡಬೇಕು.

ಎರಡು ದಾಳ ಬೀಳುವ ಬಗೆ 36. ಅದರಲ್ಲಿ 8 ಆಗುವುದು ಐದು ಬಗೆಯಲ್ಲಿ, 12 ಆಗುವುದು ಒಂದೇ ಬಗೆಯಲ್ಲಿ. ಅತಿ ಹೆಚ್ಚು ಬೀಳುವುದು 7, ಆದರೆ ಆ ಸಂಖ್ಯೆಯ ಬಿಲ್ಲೆಯೇ ಇಲ್ಲ. ಅದು ಬಿದ್ದರೆ ಕಳ್ಳ ಬರುತ್ತಾನೆ. ಈ ಲೆಕ್ಕವನ್ನು ಸಂಖ್ಯೆಯ ಕೆಳಗೆ ಚುಕ್ಕಿಗಳಾಗಿ ಅಚ್ಚು ಹಾಕಿರುತ್ತಾರೆ: 6 ಮತ್ತು 8ಕ್ಕೆ ಐದು, 5 ಮತ್ತು 9ಕ್ಕೆ ನಾಲ್ಕು, 4 ಮತ್ತು 10ಕ್ಕೆ ಮೂರು.

ಹೊಸಬರು ಚುಕ್ಕಿ ಕೂಡಿಸುವುದನ್ನು ಬೇಗ ಕಲಿಯುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ನಿಮ್ಮ ಮೊದಲ ಮನೆ 8, 5, 10 ಸೇರುವ ಮೂಲೆಯಲ್ಲಿದೆ ಎನ್ನಿ: 12 ಚುಕ್ಕಿ. ಎರಡನೆಯದಕ್ಕೆ ಎರಡು ಜಾಗ ಖಾಲಿಯಿವೆ. ಒಂದು 6, 9, 4ರ ಮೂಲೆ, ಇನ್ನೊಂದು 8, 9, 4ರ ಮೂಲೆ. ಎರಡರಲ್ಲೂ 12 ಚುಕ್ಕಿಯೇ, ಸರಾಸರಿ ಕಾರ್ಡೂ ಒಂದೇ. ಆದರೆ ಮೊದಲ ಜಾಗ ಹಿಡಿದರೆ 36ರಲ್ಲಿ 24 ಬಗೆಯ ದಾಳಕ್ಕೆ ನಿಮಗೇನಾದರೂ ಸಿಗುತ್ತದೆ, ಎರಡನೆಯದರಲ್ಲಿ 19ಕ್ಕೆ ಮಾತ್ರ. ನಾಲ್ವರು ಆಡುವಾಗ ಇಡೀ ಒಂದು ಸುತ್ತು ಬರಿಗೈಯಲ್ಲಿ ಕೂರುವ ಸಂಭವ ಮೊದಲನೆಯದರಲ್ಲಿ 81ಕ್ಕೆ ಒಂದು, ಎರಡನೆಯದರಲ್ಲಿ ಸುಮಾರು 20ಕ್ಕೆ ಒಂದು. ಶುರುವಿನ ಸುತ್ತುಗಳಲ್ಲಿ ಒಂದು ಖಾಲಿ ಹೋದರೆ ಒಳ್ಳೆಯ ಮೂಲೆಗಳು ಬೇರೆಯವರ ಪಾಲಾಗುತ್ತವೆ.

ಹಾಗೆಂದು ಎರಡನೆಯ ಜಾಗ ಯಾವಾಗಲೂ ಕೆಟ್ಟದ್ದಲ್ಲ. ಒಂದು 8 ಕಾಡು, ಇನ್ನೊಂದು 8 ಗುಡ್ಡವಾದರೆ ಆ ಸಂಖ್ಯೆ ಬಿದ್ದ ಕೂಡಲೇ ಮರ, ಇಟ್ಟಿಗೆ ಒಟ್ಟಿಗೆ ಕೈಸೇರುತ್ತವೆ, ಅಂದರೆ ಒಂದು ರಸ್ತೆ. ಚೌಕಾಸಿ ಮಾಡಿ ಯಾರ ಮುಂದೂ ಕೈಯೊಡ್ಡಬೇಕಿಲ್ಲ. ನಾನಾದರೆ ಆಗ ಅದನ್ನೇ ಹಿಡಿಯುತ್ತೇನೆ. ಎರಡೂ 8 ಅದಿರೇ ಆಗಿದ್ದರೆ, ಚುಕ್ಕಿ ಎಷ್ಟೇ ಇರಲಿ, ಮರ, ಇಟ್ಟಿಗೆ ಎಲ್ಲಿಂದ ಬರುತ್ತದೆಂದು ಮೊದಲು ನೋಡುತ್ತೇನೆ. ಬ್ಯಾಂಕಿನಲ್ಲಿ ಒಂದು ಇಟ್ಟಿಗೆಗೆ ಒಂದೇ ಜಾತಿಯ ನಾಲ್ಕು ಕಾರ್ಡು ತೆರಬೇಕು. ಗುಡ್ಡದ ಬಿಲ್ಲೆಗಳು ಇಡೀ ದ್ವೀಪದಲ್ಲಿ ಮೂರೇ.

ಇಷ್ಟೆಲ್ಲ ಮಾಡಿಯೂ ಸೋಲಬಹುದು. ದಾಳ 60 ಸಲ ಉರುಳಿದರೆ 8 ಬೀಳಬೇಕಾದದ್ದು ಎಂಟು ಸಲವಾದರೂ, ಐದೇ ಸಲ ಬಿದ್ದರೆ ಅಚ್ಚರಿಯೇನಿಲ್ಲ. ಹನ್ನೊಂದು ಸಲ ಬಿದ್ದರೂ ಅಷ್ಟೆ. ಆ ಹನ್ನೊಂದು ಸಲವೂ ಕಳ್ಳ ನಿಮ್ಮ 8ರ ಮೇಲೆಯೇ ಕೂತಿದ್ದರೆ ದಾಳವನ್ನು ಬೈಯುವ ಹಕ್ಕು ನಿಮಗಿದೆ.