ತೇರಿನ ದಿನ ಯಾರಿಗೆ ರಜೆ?

ನಂಜನಗೂಡಿನ ದೊಡ್ಡ ಜಾತ್ರೆ ಫಾಲ್ಗುಣದಲ್ಲಿ, ಮಾರ್ಚ್ ಇಲ್ಲವೇ ಏಪ್ರಿಲ್ ತಿಂಗಳಲ್ಲಿ ಬರುತ್ತದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರುಗಳನ್ನು ಒಂದೇ ದಿನ ಎಳೆಯುವುದರಿಂದ ಅದಕ್ಕೆ ಪಂಚಮಹಾರಥೋತ್ಸವ ಎಂದು ಹೆಸರು. ಬೆಳಗಿನ ಜಾವದಿಂದಲೇ ರಥಬೀದಿ ತುಂಬಿರುತ್ತದೆ, ಕಪಿಲೆಯಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಕಡೆಗೆ ಬರುತ್ತಿರುತ್ತಾರೆ. ಮೈಸೂರಿನಿಂದ ಊಟಿಯ ಕಡೆಗೆ ಹೋಗುವ ಹೆದ್ದಾರಿ ಈ ಊರಿನ ಮೇಲೆಯೇ ಹಾದುಹೋಗುವುದರಿಂದ ಅಂದು ವಾಹನಗಳಿಗೆ ಬೇರೆ ದಾರಿ ತೋರಿಸಬೇಕಾಗುತ್ತದೆ. ಇಂಥ ದಿನ ತಾಲೂಕಿನಲ್ಲಿ ಶಾಲೆ ಕಚೇರಿಗಳನ್ನು ಎಂದಿನಂತೆ ನಡೆಸುವುದು ಕಷ್ಟ. ಮಕ್ಕಳೂ ಮೇಷ್ಟ್ರೂ ಬಸ್ಸು ಹಿಡಿದು ಬರುವುದೇ ಆಗದ ಮಾತು. ಇಂಥ ಸಂದರ್ಭಕ್ಕೆಂದೇ ಜಿಲ್ಲಾಧಿಕಾರಿಗಳು ಘೋಷಿಸುವ ‘ಸ್ಥಳೀಯ ರಜೆ’ ಇದೆ.

ಆದರೆ ‘ನಾಳೆ ರಜೆ’ ಎಂಬ ಸುದ್ದಿ ಹಬ್ಬಿದ ಕೂಡಲೇ ಗೊಂದಲವೂ ಹಬ್ಬುತ್ತದೆ. ಬ್ಯಾಂಕು ಇದೆಯೇ? ಕಾರ್ಖಾನೆಗೆ ಹೋಗಬೇಕೇ? ಮೈಸೂರಿನಲ್ಲಿ ಓದುವ ಮಗಳಿಗೂ ರಜೆಯೇ? ಇದಕ್ಕೆಲ್ಲ ಕಾರಣ, ರಜೆ ಎನ್ನುವ ಒಂದೇ ಮಾತಿನಲ್ಲಿ ನಾವು ಬೇರೆ ಬೇರೆ ಕಾನೂನುಗಳ ಅಡಿ ಬರುವ ಬೇರೆ ಬೇರೆ ರಜೆಗಳನ್ನು ಸೇರಿಸಿಬಿಡುವುದು.

ರಾಜ್ಯದ ರಜೆಯಿಂದ ಶುರುಮಾಡೋಣ. ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ರಾಜ್ಯ ಸರ್ಕಾರ ವರ್ಷ ಮುಗಿಯುವ ಮೊದಲೇ ಅಧಿಸೂಚನೆಯಾಗಿ ಹೊರಡಿಸುತ್ತದೆ. ಸಂಕ್ರಾಂತಿ, ಯುಗಾದಿ, ರಂಜಾನ್, ಕ್ರಿಸ್‌ಮಸ್, ಕನ್ನಡ ರಾಜ್ಯೋತ್ಸವ ಇವೆಲ್ಲ ಅದರಲ್ಲಿರುತ್ತವೆ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಸರ್ಕಾರಿ ಕಚೇರಿಗಳಿಗೆ ಅದು ಒಂದೇ. ಜೊತೆಗೆ ಪರಿಮಿತ ರಜೆಗಳ ಇನ್ನೊಂದು ಪಟ್ಟಿ ಇರುತ್ತದೆ. ಆ ದಿನಗಳಲ್ಲಿ ಕಚೇರಿ ತೆರೆದೇ ಇರುತ್ತದೆ, ನೌಕರರು ತಮಗೆ ಬೇಕಾದ ಎರಡು ದಿನಗಳನ್ನು ಮೊದಲೇ ಅನುಮತಿ ಪಡೆದು ಆರಿಸಿಕೊಳ್ಳಬಹುದು.

ತೇರು ಈ ಪಟ್ಟಿಗೆ ಒಗ್ಗುವ ಹಬ್ಬವಲ್ಲ. ಯುಗಾದಿ ಎಲ್ಲರ ಮನೆಯಲ್ಲೂ ಒಂದೇ ದಿನ, ತೇರಾದರೋ ಊರಿಗೊಂದು ದಿನ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಪುಷ್ಯದ ಚಳಿಯಲ್ಲಿ ನಡೆದರೆ ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರು ಫಾಲ್ಗುಣದ ಬಿಸಿಲಿನಲ್ಲಿ ನಡೆಯುತ್ತದೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಮಾತ್ರ. ಒಂದೂರಿನ ತೇರಿಗೆ ಇಡೀ ರಾಜ್ಯದ ಕಚೇರಿ ಮುಚ್ಚಲಾಗದು. ಹಾಗೆಂದು ಲಕ್ಷಾಂತರ ಜನ ಸೇರುವ ಊರಿನಲ್ಲಿ ಏನೂ ಆಗಿಲ್ಲವೆಂಬಂತೆ ಶಾಲೆಯ ಗಂಟೆ ಬಾರಿಸಲೂ ಆಗದು. ಆದ್ದರಿಂದಲೇ ನಿರ್ಧಾರವನ್ನು ಜಿಲ್ಲೆಗೆ ಬಿಟ್ಟಿರುವುದು, ಮತ್ತು ಅದು ಸರಿಯಾದ ಏರ್ಪಾಡು ಎಂದೇ ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ನಡೆಯುವುದು ಹೀಗೆ. ದೇವಸ್ಥಾನದವರು ಪಂಚಾಂಗ ನೋಡಿ ರಥೋತ್ಸವದ ದಿನ ಗೊತ್ತುಮಾಡುತ್ತಾರೆ. ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ನೀರು, ಬಂದೋಬಸ್ತು, ಬಸ್ಸಿನ ಮಾತಿನ ಜೊತೆಗೆ ರಜೆಯ ಬೇಡಿಕೆಯೂ ಬರುತ್ತದೆ. ತಹಶೀಲ್ದಾರರ ಪ್ರಸ್ತಾವನೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಅಲ್ಲಿ ಆದೇಶವಾಗಿ, ಅದರ ಪ್ರತಿ ಶಿಕ್ಷಣ ಇಲಾಖೆ ಮತ್ತು ಇತರ ಇಲಾಖೆಗಳಿಗೂ ಪತ್ರಿಕೆಗಳಿಗೂ ತಲುಪುತ್ತದೆ. ಎಷ್ಟೋ ಸಲ ಈ ಆದೇಶ ಕೈಸೇರುವುದು ಹಿಂದಿನ ದಿನ ಸಂಜೆ. ತೇರಿನ ತಿಥಿ ಪಂಚಾಂಗದಲ್ಲಿ ಇಡೀ ವರ್ಷ ಕಣ್ಣೆದುರಿಗೇ ಇರುವಾಗ ಆದೇಶ ಕೊನೆಯ ಗಳಿಗೆಗೆ ಬರುವುದಕ್ಕೆ ಸಮರ್ಥನೆ ಇಲ್ಲ. ಇಪ್ಪತ್ತು ಮೈಲಿ ದೂರದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಪಹಣಿ ತಿದ್ದಿಸಲು ತಾಲೂಕು ಕಚೇರಿಗೆ ಬಂದವನು ಮುಚ್ಚಿದ ಬಾಗಿಲು ನೋಡಿ ಹಿಂತಿರುಗುತ್ತಾನೆ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದೇಶ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದರ ಎಲ್ಲೆ. ಇಡೀ ಜಿಲ್ಲೆಗೋ, ಒಂದು ತಾಲೂಕಿಗೋ, ಊರಿನ ವ್ಯಾಪ್ತಿಗೋ ಎನ್ನುವುದು ಅದರಲ್ಲಿ ಬರೆದಿರುತ್ತದೆ. ಆಮೇಲೆ ನೋಡಬೇಕಾದ್ದು ಯಾರಿಗೆ ಎನ್ನುವುದು. ಶಾಲಾ ಕಾಲೇಜುಗಳಿಗೆ ಮಾತ್ರವೋ, ಸರ್ಕಾರಿ ಕಚೇರಿಗಳಿಗೂ ಸೇರಿಯೋ? ಕೊನೆಗೆ, ಯಾವುದನ್ನು ಬಿಟ್ಟಿದೆ ಎನ್ನುವುದು. ಆಸ್ಪತ್ರೆ, ನೀರು, ವಿದ್ಯುತ್ತಿನಂಥ ತುರ್ತು ಸೇವೆಗಳು ಎಂದೂ ನಿಲ್ಲುವುದಿಲ್ಲ, ಮೊದಲೇ ನಿಗದಿಯಾದ ಸಾರ್ವಜನಿಕ ಪರೀಕ್ಷೆಗಳೂ ನಿಲ್ಲುವುದಿಲ್ಲ.

ಆದೇಶ ನಂಜನಗೂಡು ತಾಲೂಕಿನ ಶಾಲಾ ಕಾಲೇಜು ಮತ್ತು ಸರ್ಕಾರಿ ಕಚೇರಿಗಳಿಗೆ ಎಂದು ಹೊರಟಿದೆ ಎಂದಿಟ್ಟುಕೊಂಡು, ಆ ಊರಿನ ಒಂದು ಮನೆಯ ಉದಾಹರಣೆ ನೋಡೋಣ. ಮಗ ಊರಿನ ಪ್ರೌಢಶಾಲೆಯಲ್ಲಿ ಎಂಟನೇ ತರಗತಿ, ಅವನಿಗೆ ರಜೆ. ಮಗಳು ದಿನಾ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ಅವಳ ಮನೆ ನಂಜನಗೂಡಿನಲ್ಲಿದ್ದರೂ ಕಾಲೇಜು ಮೈಸೂರು ತಾಲೂಕಿನಲ್ಲಿ, ಆದ್ದರಿಂದ ಅವಳಿಗೆ ರಜೆ ಇಲ್ಲ. ಲೆಕ್ಕಕ್ಕೆ ಬರುವುದು ಸಂಸ್ಥೆ ಇರುವ ಜಾಗ, ನಾವು ವಾಸಿಸುವ ಜಾಗವಲ್ಲ. ಮೈಸೂರಿನಿಂದ ಬಂದು ನಂಜನಗೂಡಿನ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರಿಗೆ, ಇದೇ ಕಾರಣಕ್ಕೆ, ಅಂದು ರಜೆ. ಅಣ್ಣನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ದೊಡ್ಡ ಜಾತ್ರೆಯ ಕಾಲವೂ ಆ ಪರೀಕ್ಷೆಯ ಕಾಲವೂ ಹತ್ತಿರ ಹತ್ತಿರವೇ. ತೇರಿನ ದಿನವೇ ಅವನ ಪರೀಕ್ಷೆ ಬಿದ್ದರೆ ಅವನು ಹೋಗಲೇಬೇಕು, ಅದೂ ದಾರಿ ಬದಲಾಗಿರುವುದರಿಂದ ಎಂದಿಗಿಂತ ಒಂದು ಗಂಟೆ ಮೊದಲೇ ಹೊರಡಬೇಕು.

ಮನೆಯ ಯಜಮಾನ ಊರಾಚೆಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಜಿಲ್ಲಾಧಿಕಾರಿಗಳ ಸ್ಥಳೀಯ ರಜೆ ಆ ಗೇಟಿನೊಳಗೆ ತಾನಾಗಿ ನಡೆಯುವುದಿಲ್ಲ. ಅಲ್ಲಿ ನಡೆಯುವುದು 1963ರ ಕರ್ನಾಟಕ ಔದ್ಯಮಿಕ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳ ಜೊತೆಗೆ ಇನ್ನೂ ಐದು ಹಬ್ಬದ ರಜೆಗಳನ್ನು ಆ ಕಾಯ್ದೆ ಕೊಡುತ್ತದೆ. ತೇರಿಗೆ ದಾರಿ ಇರುವುದು ಈ ಎರಡನೇ ಐದರಲ್ಲಿ. ವರ್ಷದ ರಜೆ ಪಟ್ಟಿ ತಯಾರಾಗುವ ಹೊತ್ತಿಗೇ ಕಾರ್ಮಿಕರು ಕೇಳಿ ಜಾತ್ರೆಯ ದಿನವನ್ನು ಅದರಲ್ಲಿ ಸೇರಿಸಿಕೊಂಡಿದ್ದರೆ ಅಂದು ಸಂಬಳಸಹಿತ ರಜೆ. ಸೇರಿಸಿಕೊಳ್ಳದಿದ್ದರೆ ತನ್ನ ಖಾತೆಯ ರಜೆ ಹಾಕಿಯೇ ತೇರಿಗೆ ಬರಬೇಕು. ಜಾತ್ರೆಯ ಹಿಂದಿನ ವಾರ ಮ್ಯಾನೇಜರನ್ನು ಕೇಳಿದರೆ ಪ್ರಯೋಜನ ಕಡಿಮೆ.

ಮನೆಯಾಕೆ ಸ್ತ್ರೀಶಕ್ತಿ ಗುಂಪಿನ ಹಣ ಕಟ್ಟಲು ಬ್ಯಾಂಕಿಗೆ ಹೋಗಬೇಕು. ಬ್ಯಾಂಕು ತೆರೆದಿರುತ್ತದೆ. ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಂಕಿನ ರಜೆಗೆ ಆಧಾರ ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದರ 25ನೇ ಸೆಕ್ಷನ್ ಪ್ರಕಾರ ಭಾನುವಾರ ಮತ್ತು ಗೆಜೆಟ್ಟಿನಲ್ಲಿ ಅಧಿಸೂಚಿಸಿದ ದಿನಗಳು ಸಾರ್ವಜನಿಕ ರಜೆ. ಹೀಗೆ ಅಧಿಸೂಚಿಸುವ ಅಧಿಕಾರ ಕೇಂದ್ರ ಸರ್ಕಾರದ್ದು, ಅದು 1957ರಲ್ಲಿ ರಾಜ್ಯ ಸರ್ಕಾರಗಳಿಗೂ ಬಂತು. ಜಿಲ್ಲಾಧಿಕಾರಿಗಳ ಸ್ಥಳೀಯ ರಜೆ ಈ ಕಾಯ್ದೆಯ ಅಡಿಯದ್ದಲ್ಲ.

ಕಾಯ್ದೆ ಇಷ್ಟು ಬಿಗಿಯಾಗಿರಲು ಕಾರಣವಿದೆ. ಗಡುವಿರುವ ಹುಂಡಿಯೋ ನೋಟೋ ಈ ಕಾಯ್ದೆಯ ರಜಾದಿನದಂದು ತೀರುವಳಿಗೆ ಬಂದರೆ ಹಣ ಸಲ್ಲಬೇಕಾದ್ದು ಮಾರನೆಯ ದಿನವಲ್ಲ, ಹಿಂದಿನ ಕೆಲಸದ ದಿನ. ಅಂದರೆ ರಜೆ ಘೋಷಿಸಿದಾಗ ಸಾಲ ತೀರಿಸುವವನ ಗಡುವು ಒಂದು ದಿನ ಮುಂಚೆಯೇ ಬಂದುಬಿಡುತ್ತದೆ. ನಂಜನಗೂಡಿನ ಅಕ್ಕಿ ವ್ಯಾಪಾರಿಗೂ ಹುಬ್ಬಳ್ಳಿಯ ವ್ಯಾಪಾರಿಗೂ ನಡುವೆ ಕಾಗದ ಓಡಾಡುವಾಗ ಹಿಂದಿನ ಸಂಜೆ ಒಂದು ತಾಲೂಕಿಗೆ ಮಾತ್ರ ಹೊರಟ ಆದೇಶ ಗಡುವನ್ನು ಅಲುಗಾಡಿಸುವಂತಿದ್ದರೆ ಲೇವಾದೇವಿಯೇ ನಡೆಯದು. ಅಂಚೆ ಕಚೇರಿ, ರೈಲು, ಎಲ್‌ಐಸಿ ಕೇಂದ್ರದ ಅಧೀನ, ಅವುಗಳಿಗೆ ಅವುಗಳದೇ ಪಟ್ಟಿ. ನ್ಯಾಯಾಲಯಗಳ ಕ್ಯಾಲೆಂಡರ್ ಹೈಕೋರ್ಟಿನದು. ತೇರಿನ ದಿನ ಕೇಸು ಇದ್ದವರು ಆದೇಶ ನಂಬಿ ಮನೆಯಲ್ಲಿ ಕೂರದೆ ವಕೀಲರನ್ನು ವಿಚಾರಿಸುವುದೇ ಕ್ಷೇಮ.

ರಜೆ ಎಂದು ಬರೆದಿದ್ದರೂ ರಜೆ ಸಿಗದವರೂ ಇದ್ದಾರೆ. ಕಂದಾಯ ಇಲಾಖೆಯವರು, ಪುರಸಭೆ ನಗರಸಭೆಗಳ ಪೌರಕಾರ್ಮಿಕರು, ಆರೋಗ್ಯ ಸಿಬ್ಬಂದಿ, ಪೊಲೀಸರು ಅಂದು ಜಾತ್ರೆಯ ಕೆಲಸದಲ್ಲೇ ಇರುತ್ತಾರೆ. ತಾಲೂಕು ಕಚೇರಿಯ ಬಾಗಿಲು ಮುಚ್ಚಿದ್ದರೂ ಅಲ್ಲಿಯ ಗುಮಾಸ್ತ ರಥಬೀದಿಯಲ್ಲಿ ನೀರಿನ ಟ್ಯಾಂಕರ್ ಎಲ್ಲಿ ನಿಲ್ಲಬೇಕೆಂದು ನೋಡಿಕೊಳ್ಳುತ್ತಿರುತ್ತಾನೆ. ತೇರು ಹೋದ ಹಾದಿಯ ಬಾಳೆಹಣ್ಣು, ದವನ, ಎಲೆ ಕಸವನ್ನು ಗುಡಿಸುವ ಹೆಂಗಸರಿಗೆ ಆ ದಿನ ಎಲ್ಲ ದಿನಗಳಿಗಿಂತ ಉದ್ದ. ಅವರಿಗೆ ಬದಲಿ ರಜೆಯನ್ನು ಅದೇ ಆದೇಶದಲ್ಲಿ ಸ್ಪಷ್ಟವಾಗಿ ಬರೆಯಬೇಕು, ಮೇಲಧಿಕಾರಿಯ ದಯೆಗೆ ಬಿಡಬಾರದು.

ಶಾಲೆಯ ಲೆಕ್ಕವೂ ಅಲ್ಲಿಗೇ ಮುಗಿಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಷಕ್ಕೆ 1ರಿಂದ 5ನೇ ತರಗತಿಗೆ ಕನಿಷ್ಠ 200, 6ರಿಂದ 8ಕ್ಕೆ 220 ಕೆಲಸದ ದಿನ ಆಗಲೇಬೇಕು. ಮಳೆಗಾಲದಲ್ಲಿ ನಾಲ್ಕಾರು ದಿನ ಶಾಲೆ ಮುಚ್ಚಿದ್ದರೆ ತೇರಿನ ರಜೆಯನ್ನು ಬೇರೊಂದು ದಿನ ಪಾಠ ನಡೆಸಿ ತುಂಬಿಕೊಡಬೇಕಾಗುತ್ತದೆ. ತಮಿಳುನಾಡಿನ ಜಿಲ್ಲಾಧಿಕಾರಿಗಳ ಆದೇಶಗಳು ಈ ವಿಷಯದಲ್ಲಿ ಮಾದರಿ. ತಿರುವಾರೂರಿನ ಆಳಿತ್ತೇರಿನಂಥ ಉತ್ಸವಕ್ಕೆ ಸ್ಥಳೀಯ ರಜೆ ಕೊಡುವಾಗ, ಇದು 1881ರ ಕಾಯ್ದೆಯ ರಜೆಯಲ್ಲ ಎಂದೂ ಬದಲಿಗೆ ಯಾವ ಶನಿವಾರ ಕೆಲಸ ಮಾಡಬೇಕೆಂದೂ ಅದೇ ಹಾಳೆಯಲ್ಲಿ ಹೇಳುವುದು ಅಲ್ಲಿನ ರೂಢಿ. ನಮ್ಮ ಆದೇಶಗಳಲ್ಲೂ ಇವೆರಡು ಸಾಲು ತಪ್ಪದೆ ಇದ್ದರೆ ಬ್ಯಾಂಕಿನ ಮುಂದಿನ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ನಮ್ಮಲ್ಲೇ ಕೊಡಗಿನದು ಎರಡರ ನಡುವಿನ ಮಾದರಿ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳಿಗೆ ಆ ಜಿಲ್ಲೆಗೆ ಮಾತ್ರ ಅನ್ವಯಿಸುವ ಸ್ಥಳೀಯ ರಜೆಯನ್ನು ರಾಜ್ಯದ ವಾರ್ಷಿಕ ಅಧಿಸೂಚನೆಯೇ ಹೇಳಿಬಿಡುತ್ತದೆ. ಮಡಿಕೇರಿಯವರು ಹಿಂದಿನ ಸಂಜೆಯ ಸುದ್ದಿಗೆ ಕಾಯಬೇಕಾಗಿಲ್ಲ.

ವಾಟ್ಸಾಪಿನಲ್ಲಿ ಓಡಾಡುವ ಆದೇಶಗಳ ಬಗ್ಗೆ ಒಂದು ಎಚ್ಚರಿಕೆ. ಪ್ರತಿ ಜಾತ್ರೆಗೂ ಹಳೆಯ ವರ್ಷದ ಆದೇಶವೋ ಪಕ್ಕದ ತಾಲೂಕಿನದೋ ಹೊಸದರಂತೆ ಹರಿದಾಡುತ್ತದೆ. ಸಹಿಗಿಂತ ಮೊದಲು ದಿನಾಂಕ ಮತ್ತು ತಾಲೂಕಿನ ಹೆಸರನ್ನು ನೋಡಿ, ಅನುಮಾನ ಬಂದರೆ ಶಾಲೆಗೇ ಫೋನು ಮಾಡಿ. ಜಾತ್ರೆಯ ದಿನಗಳಲ್ಲಿ ಮದ್ಯ ಮಾರಾಟ ನಿಲ್ಲಿಸುವ ಆದೇಶವೂ ಅದೇ ಕಚೇರಿಯಿಂದ ಬರಬಹುದು. ಅದು ಬೇರೆ ಅಧಿಕಾರದಡಿ ಹೊರಟದ್ದು, ಅದನ್ನು ರಜೆಯ ಆದೇಶವೆಂದು ಓದಿಕೊಳ್ಳಬಾರದು. ಬೇರೆ ಅಂಗಡಿಗಳನ್ನು ಮುಚ್ಚಬೇಕೆಂದು ಸ್ಥಳೀಯ ರಜೆ ಎಲ್ಲೂ ಹೇಳುವುದಿಲ್ಲ. ಕಡಲೆಪುರಿ, ಬೆಂಡು ಬತ್ತಾಸಿನವರಿಗೆ ವರ್ಷದ ದೊಡ್ಡ ವ್ಯಾಪಾರ ಅಂದೇ ಅಲ್ಲವೇ.

ಇನ್ನು ಒಂದೇ ಹಳ್ಳಿಯ ಸಣ್ಣ ತೇರು, ಮಾರಿಹಬ್ಬಗಳಿಗೆ ಜಿಲ್ಲಾಧಿಕಾರಿಗಳವರೆಗೆ ಹೋಗಬೇಕಾಗಿಲ್ಲ. ಶಾಲೆಗಳ ವಾರ್ಷಿಕ ಯೋಜನೆಯಲ್ಲಿ ಸ್ಥಳೀಯ ರಜೆಗೆಂದು ಕೆಲವು ದಿನ ಇರುತ್ತವೆ. ಊರ ಹಿರಿಯರು ಹಬ್ಬದ ದಿನವನ್ನು ಜೂನ್ ತಿಂಗಳಲ್ಲೇ ಶಾಲಾಭಿವೃದ್ಧಿ ಸಮಿತಿಗೂ ಮುಖ್ಯೋಪಾಧ್ಯಾಯರಿಗೂ ತಿಳಿಸಿದರೆ, ಅವರು ಬಿಇಒ ಕಚೇರಿಯ ಗಮನಕ್ಕೆ ತಂದು ಅದನ್ನು ವರ್ಷದ ಪಟ್ಟಿಯಲ್ಲೇ ಸೇರಿಸಿಕೊಳ್ಳಬಹುದು.