ನಿಂಬೆಯ ತೈಲವೂ ಬಿಸಿಲಿನ ಕಲೆಗಳೂ

ನಿಂಬೆಯ ಹಣ್ಣುಗಳನ್ನು ಹೇರಳವಾಗಿ ಕೊಯ್ದು ಹಿಂಡತಕ್ಕ ಕಾಲದಲ್ಲಿ ಕೆಲಸಗಾರರ ಕೈಗಳ ಮೇಲೆ ಕಂದುಬಣ್ಣದ ಪಟ್ಟೆಗಳೂ ಚುಕ್ಕೆಗಳೂ ಏಳುವುದುಂಟು. ಹುಳದ ಸ್ಪರ್ಶವೆಂದೋ ರಕ್ತದೋಷವೆಂದೋ ಇದನ್ನು ಭಾವಿಸುವುದು ಸಹಜವೇ. ಆದರೆ ಇದಕ್ಕೆ ಕಾರಣಗಳು ಎರಡು: ಹಣ್ಣಿನ ಸಿಪ್ಪೆಯ ತೈಲ ಮತ್ತು ಬಿಸಿಲು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಲೆಯು ಬೀಳಲಾರದು.

ಈ ತೈಲದಲ್ಲಿ ಫ್ಯುರೋಕೂಮರಿನ್ ಎಂಬ ಜಾತಿಯ ದ್ರವ್ಯಗಳಿರುತ್ತವೆ. ಇವುಗಳಲ್ಲಿ ಬರ್ಗಾಪ್ಟೆನ್ ಎಂಬುದು ಪ್ರಸಿದ್ಧವಾದುದು. ಇಟಲಿ ದೇಶದ ಕಲಾಬ್ರಿಯಾ ಪ್ರಾಂತದಲ್ಲಿ ಬೆಳೆಯತಕ್ಕ ಬರ್ಗಮಾಟ್ ಎಂಬ ಹುಳಿಹಣ್ಣಿನಿಂದ ಆ ಹೆಸರು ಬಂದಿತು. ಇಂತಹ ದ್ರವ್ಯವು ಚರ್ಮದೊಳಕ್ಕೆ ಇಳಿದಮೇಲೆ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ, ಜೀವಕೋಶಗಳ ಡಿ.ಎನ್.ಎ.ಗೆ ಅಂಟಿಕೊಂಡು ಅವನ್ನು ಘಾಸಿಗೊಳಿಸುತ್ತದೆ. ಚರ್ಮವು ಕೆಂಪೇರಿದ ಬಳಿಕ ಕಪ್ಪು ವರ್ಣದ್ರವ್ಯವನ್ನು ಅಧಿಕವಾಗಿ ಉತ್ಪತ್ತಿಮಾಡುವುದರಿಂದ ಕಲೆಯು ಉಳಿಯುತ್ತದೆ. ಇದು ಕೆಲವರಿಗೆ ಮಾತ್ರ ಒಗ್ಗದಿರುವ ವ್ಯಾಧಿಯಲ್ಲ. ಆರೋಗ್ಯವಂತನಿಗೂ ಮೊದಲನೆಯ ಸಲವೇ ಉಂಟಾಗಬಹುದು.

ಒಬ್ಬ ಕೆಲಸಗಾರನು ಬೆಳಿಗ್ಗೆ ಉಪ್ಪಿನಕಾಯಿಗಾಗಿ ನಿಂಬೆಯನ್ನು ಹಿಂಡಿ, ಕೈತೊಳೆಯದೆ ಹೊಲಕ್ಕೆ ಹೋದನೆಂದು ಭಾವಿಸಬೇಕು. ಆ ದಿನ ಅವನಿಗೆ ಏನೂ ತೋರದು. ಮಾರನೆಯ ದಿನ ಉರಿಯೂ ಕೆಂಪೂ ಕಾಣಿಸಿಕೊಂಡು, ಎರಡು ಮೂರನೆಯ ದಿನಗಳಲ್ಲಿ ಉಲ್ಬಣಿಸಿ, ಬೊಬ್ಬೆಗಳೂ ಏಳಬಹುದು. ಇಷ್ಟು ತಡವಾಗುವುದರಿಂದಲೇ ನಿಂಬೆಯ ಮೇಲೆ ಸಂಶಯವು ಹುಟ್ಟುವುದಿಲ್ಲ. ಕಲೆಯ ಆಕಾರವನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ: ರಸವು ಹರಿದ ದಾರಿಯೇ ಪಟ್ಟೆಯಾಗಿರುತ್ತದೆ. ಒದ್ದೆ ಕೈಯಿಂದ ಮಗುವನ್ನು ಎತ್ತಿಕೊಂಡಿದ್ದರೆ ಮಗುವಿನ ಬೆನ್ನಿನ ಮೇಲೆ ಬೆರಳುಗಳ ಗುರುತು ಮೂಡಬಹುದು. ಇದನ್ನು ಕಂಡು ಹೊಡೆತದ ಬಾಸುಂಡೆಯೆಂದು ಯಾರ ಮೇಲೂ ದೂರು ಹೊರಿಸುವ ಮೊದಲು ವಿಚಾರಿಸತಕ್ಕದ್ದು.

ಬರ್ಗಮಾಟ್ ತೈಲವು ಸೇರಿದ ಸುಗಂಧಜಲವನ್ನು ಕತ್ತಿಗೆ ಹಚ್ಚಿಕೊಂಡವರಲ್ಲಿಯೂ ಇಂತಹುದೇ ಕಲೆಗಳು ಉಂಟಾಗುವುದನ್ನು ಫ್ರಾಯಿಂಡ್ ಎಂಬ ವೈದ್ಯರು 1916ರಲ್ಲಿ ವರ್ಣಿಸಿದರು.

ತೈಲವನ್ನು ತೆಗೆದ ಕ್ರಮವೂ ಮುಖ್ಯವಾದುದು. ಸಿಪ್ಪೆಯನ್ನು ಒತ್ತಿ ತೆಗೆದ ತೈಲದಲ್ಲಿ ಈ ದ್ರವ್ಯಗಳು ಉಳಿದಿರುತ್ತವೆ. ಉಗಿಯಿಂದ ಬಟ್ಟಿಯಿಳಿಸಿದರೆ ಅವು ಆವಿಯಾಗಿ ಮೇಲೇರದೆ ಪಾತ್ರೆಯಲ್ಲಿಯೇ ನಿಲ್ಲುವುದರಿಂದ, ಬಟ್ಟಿಯಿಳಿಸಿದ ನಿಂಬೆಯ ತೈಲವು ಈ ದೋಷದಿಂದ ದೂರವಾಗಿದೆ. ಎರಡೂ ಒಂದೇ ಹೆಸರಿನಿಂದ ಮಾರಾಟವಾಗುವುದುಂಟು. ಕೊಳ್ಳುವಾಗಲೇ ಕೇಳಿ ತಿಳಿಯುವುದು ಮೇಲು. ಬಿಸಿಲು ಬೀಳತಕ್ಕ ಮೈಗೆ ಹಚ್ಚುವುದಾದರೆ, ಒತ್ತಿ ತೆಗೆದ ನಿಂಬೆಯ ತೈಲವು ಸಾವಿರ ಭಾಗಕ್ಕೆ 7 ಭಾಗವನ್ನೂ, ಬರ್ಗಮಾಟ್ ತೈಲವು 4 ಭಾಗವನ್ನೂ ಮೀರಬಾರದೆಂಬುದು ಸುಗಂಧ ತಯಾರಕರ ಕಟ್ಟಳೆ.

ಹಿಂಡಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು. ಬರಿಯ ನೀರು ಎಣ್ಣೆಯನ್ನು ಚೆನ್ನಾಗಿ ಬಿಡಿಸದು. ತೈಲವನ್ನು ಹಚ್ಚಿದ ಭಾಗವನ್ನು 12 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಬಟ್ಟೆಯಿಂದ ಮುಚ್ಚಿರುವುದು ಲೇಸು. ಗಾಜಿನ ಕಿಟಕಿಯು ಈ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ. ಬೊಬ್ಬೆಗಳು ದೊಡ್ಡವಾದರೆ ಒಡೆಯದೆ ವೈದ್ಯರಿಗೆ ತೋರಿಸಬೇಕು. ಉಳಿದ ಕಂದು ಕಲೆಯು ವಾರಗಳಲ್ಲಿ, ಕೆಲವು ಸಲ ತಿಂಗಳುಗಳಲ್ಲಿ, ತಾನಾಗಿಯೇ ಮಾಸುತ್ತದೆ. ಅದನ್ನು ತೆಗೆಯಲೆಂದು ಮತ್ತೆ ನಿಂಬೆಯ ಹೋಳನ್ನು ಉಜ್ಜಿದರೆ ಕಲೆಯು ಇಮ್ಮಡಿಯಾಗುವುದು.