ಮೂತ್ರದ ಪೈಪು, ಹೊಟ್ಟೆಯ ಹೊಲಿಗೆ

ಅರವತ್ತು ದಾಟಿದ ರೈತರೊಬ್ಬರನ್ನು ಊಹಿಸಿಕೊಳ್ಳಿ. ಹೊಟ್ಟೆಯ ಹುಣ್ಣು ತೂತಾಗಿ, ಹೊಟ್ಟೆಯೆಲ್ಲ ಹಲಗೆಯ ಹಾಗೆ ಬಿಗಿದು, ನಡುರಾತ್ರಿ ಜಿಲ್ಲಾಸ್ಪತ್ರೆಗೆ ಬಂದಿದ್ದಾರೆ. ಎಮರ್ಜೆನ್ಸಿಯಲ್ಲೇ ಅವರಿಗೆ ಯೂರಿನ್ ಪೈಪ್ ಹಾಕುತ್ತಾರೆ. ಇದು ಸರಿಯಾದ ಕೆಲಸವೇ. ಗಂಟೆಗೆಷ್ಟು ಮೂತ್ರ ಬಂತು ಎಂಬುದನ್ನು ನೋಡಿಕೊಂಡೇ ಎಷ್ಟು ಡ್ರಿಪ್ ಕೊಡಬೇಕೆಂದು ನಿರ್ಧರಿಸಬೇಕು. ಬೆಳಗಾಗುವುದರೊಳಗೆ ಆಪರೇಷನ್ ಮುಗಿಯುತ್ತದೆ, ರೋಗಿ ಉಳಿಯುತ್ತಾರೆ. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿಯುತ್ತಾರೆ. ಪೈಪ್ ಮಾತ್ರ ಹಾಗೇ ಇದೆ. ಐದನೆಯ ದಿನ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ನೋವು. ಏಳನೆಯ ದಿನ ಹೊಲಿಗೆಯ ಅಂಚು ಕೆಂಪಾಗಿ, ಒತ್ತಿದರೆ ಕೀವು ಬರುತ್ತದೆ.

ಇವರು ಕಲ್ಪಿತ ರೋಗಿ. ಆದರೆ ಈ ಎರಡು ಸೋಂಕುಗಳು ಯಾವ ದೊಡ್ಡ ವಾರ್ಡಿಗೂ ಹೊಸವಲ್ಲ. ಎರಡನ್ನೂ ತಡೆಯಲು ಏನು ಮಾಡಬೇಕೆಂದು ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಗಳು ನಡೆದಿವೆ. ದುಬಾರಿ ಸಾಮಗ್ರಿ ಗೆಲ್ಲಬಹುದೆಂದುಕೊಂಡ ಕಡೆ ಕೆಲವು ಸಲ ತೀರಾ ಸಾದಾ ಕೆಲಸಗಳೇ ಗೆದ್ದಿವೆ.

ಮೊದಲು ಪೈಪಿನ ವಿಷಯ. ಮೂತ್ರಕೋಶಕ್ಕೆ ತನ್ನದೇ ಕಾವಲಿದೆ: ಆಗಾಗ ಪೂರ್ತಿ ಖಾಲಿಯಾಗಿ, ಹೊಕ್ಕ ಬ್ಯಾಕ್ಟೀರಿಯಾವನ್ನು ತೊಳೆದು ಹೊರಹಾಕುತ್ತದೆ. ಪೈಪ್ ಇದ್ದರೆ ಈ ತೊಳೆತ ನಿಲ್ಲುತ್ತದೆ. ಅದನ್ನು ಒಳಗೆ ಹಿಡಿದಿಡುವ ಬಲೂನಿನ ಕೆಳಗೆ ಒಂದಿಷ್ಟು ಮೂತ್ರ ಯಾವಾಗಲೂ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳು ಪೈಪಿನ ಮೈಗೆ ಅಂಟಿ, ಸುತ್ತ ಲೋಳೆಪದರ ಕಟ್ಟಿಕೊಂಡು ಮೇಲೇರುತ್ತವೆ. ಆ ಪದರದೊಳಗೆ ಆಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಪೈಪ್ ಒಳಗಿರುವ ಪ್ರತಿ ದಿನಕ್ಕೆ ನೂರರಲ್ಲಿ 3ರಿಂದ 7 ಮಂದಿಯ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ.

ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಸೋಂಕು ಎನ್ನುವಂತಿಲ್ಲ. 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರವೋ ಕಿಬ್ಬೊಟ್ಟೆ ನೋವೋ ಇರಬೇಕು, ಕಲ್ಚರಿನಲ್ಲಿ ಪ್ರತಿ ಮಿಲಿಲೀಟರಿಗೆ ಲಕ್ಷದಷ್ಟು ಬ್ಯಾಕ್ಟೀರಿಯಾ ಬೆಳೆಯಬೇಕು, ಜ್ವರಕ್ಕೆ ಬೇರೆ ಕಾರಣ ಇದೆಯೇ ಎಂದೂ ನೋಡಬೇಕು. ಬ್ಯಾಗಿನಲ್ಲಿ ಮೂತ್ರ ಮಬ್ಬಾಗಿ ಕಂಡಿತು, ವಾಸನೆ ಬಂತು ಎಂದು ಕಲ್ಚರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ವರದಿಯಲ್ಲಿ ಏನಾದರೊಂದು ಬೆಳೆದೇ ಬೆಳೆಯುತ್ತದೆ, ಬೇಡದ ಆಂಟಿಬಯಾಟಿಕ್ ಶುರುವಾಗುತ್ತದೆ. ಇದು ಸೋಂಕಿನಷ್ಟೇ ಕೆಟ್ಟದ್ದು ಎಂದು ನನಗನ್ನಿಸುತ್ತದೆ.

ಹಿಂದೆ ಪೈಪಿನ ತುದಿಯನ್ನು ತೆರೆದ ಬಾಟಲಿಗೆ ಬಿಡುತ್ತಿದ್ದರು. ಆಗ ನಾಲ್ಕು ದಿನದಲ್ಲಿ ಬಹುತೇಕ ಎಲ್ಲರ ಮೂತ್ರವೂ ಕಲುಷಿತವಾಗುತ್ತಿತ್ತು. ಮುಚ್ಚಿದ ಬ್ಯಾಗಿನಿಂದ ಇದು ತುಂಬ ತಗ್ಗುತ್ತದೆಂದು ಕುನಿನ್ ಮತ್ತು ಮೆಕಾರ್ಮಾಕ್ ಎಂಬ ಅಮೆರಿಕದ ವೈದ್ಯರು 1966ರಲ್ಲಿ ತೋರಿಸಿದರು. ಪೈಪ್ ಮತ್ತು ಬ್ಯಾಗಿನ ಜೋಡಣೆಯನ್ನು ಬಿಚ್ಚಬಾರದು, ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲ ಮುಟ್ಟಬಾರದು ಎಂಬ ನಿಯಮಗಳ ಹಿಂದಿರುವುದು ಇದೇ ತಿಳಿವಳಿಕೆ. ಸ್ಟ್ರೆಚರಿಗೆ ಹಾಕುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗುವುದನ್ನು ನೀವೂ ನೋಡಿರಬಹುದು. ಬ್ಯಾಗಿನ ಮೂತ್ರ ಆಗ ಮತ್ತೆ ಒಳಕ್ಕೆ ಹರಿಯಬಹುದು.

ಆಮೇಲೆ ಬೆಳ್ಳಿ ಲೇಪಿಸಿದ ಪೈಪುಗಳು ಬಂದವು. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬುದು ಸುಳ್ಳಲ್ಲ. ಆದರೆ ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೆಲವೇ ದಿನ ಪೈಪ್ ಹಾಕಿಸಿಕೊಂಡವರಲ್ಲಿ ಬೆಳ್ಳಿಯ ಪೈಪಿಗೂ ಸಾದಾ ಪೈಪಿಗೂ ವ್ಯತ್ಯಾಸ ಕಾಣಲಿಲ್ಲ: ಒಂದರಲ್ಲಿ ಶೇ 12.5, ಇನ್ನೊಂದರಲ್ಲಿ ಶೇ 12.6.

ಹಾಗಾದರೆ ಕೆಲಸ ಮಾಡುವುದು ಯಾವುದು? ಪೈಪನ್ನು ಬೇಗ ತೆಗೆಯುವುದು. ಇಷ್ಟು ಸುಲಭದ್ದು ಏಕೆ ನಡೆಯುವುದಿಲ್ಲ ಎಂಬುದಕ್ಕೆ 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿತು. ತಮ್ಮ ರೋಗಿಗೆ ಪೈಪ್ ಇದೆಯೇ ಎಂದು ವೈದ್ಯರನ್ನು ಕೇಳಿದಾಗ, ಪೈಪ್ ಇದ್ದವರಲ್ಲಿ ಶೇ 28ರಷ್ಟು ಸಲ ಅವರಿಗೆ ಅದು ಗೊತ್ತೇ ಇರಲಿಲ್ಲ. ಹಿರಿಯ ವೈದ್ಯರಲ್ಲಿ ಇದು ಶೇ 38. ಪೈಪ್ ಅಗತ್ಯವೇ ಇಲ್ಲದ ರೋಗಿಗಳ ವಿಷಯದಲ್ಲಿ ಈ ಮರೆವು ಇನ್ನೂ ಹೆಚ್ಚು. ಆದ್ದರಿಂದ ಈಗಿನ ಉಪಾಯ ನೆನಪಿಸುವುದು: ದಿನಾ ಬೆಳಿಗ್ಗೆ ರೌಂಡ್ಸಿನಲ್ಲಿ "ಪೈಪ್ ಇವತ್ತೂ ಬೇಕೇ?" ಎಂದು ಕೇಳುವುದು, ಇನ್ನೂ ಒಳ್ಳೆಯದೆಂದರೆ, ನಿಗದಿತ ಕಾರಣಗಳು ಇಲ್ಲವಾದರೆ ಡಾಕ್ಟರ ಆದೇಶಕ್ಕೆ ಕಾಯದೆ ಸಿಸ್ಟರೇ ತೆಗೆಯುವ ಅಧಿಕಾರ ಕೊಡುವುದು. ಅಮೆರಿಕದ 603 ಆಸ್ಪತ್ರೆಗಳಲ್ಲಿ ಇಂಥ ಕ್ರಮಗಳನ್ನು ಒಟ್ಟಾಗಿ ತಂದಾಗ ಸಾಮಾನ್ಯ ವಾರ್ಡುಗಳಲ್ಲಿ ಪ್ರತಿ ಸಾವಿರ ಪೈಪ್-ದಿನಗಳಿಗೆ ಸೋಂಕು 2.28ರಿಂದ 1.54ಕ್ಕೆ ಇಳಿಯಿತು ಎಂದು 2016ರ ವರದಿ ಹೇಳುತ್ತದೆ. ಐಸಿಯುಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆಯಾಗಲಿಲ್ಲ. ಅಲ್ಲಿನ ರೋಗಿಗಳಿಗೆ ಪೈಪ್ ನಿಜಕ್ಕೂ ಬೇಕಿರುವುದೇ ಹೆಚ್ಚು.

ನಮ್ಮ ರೈತರಿಗೆ ಪೈಪನ್ನು ಎರಡನೆಯ ದಿನವೇ ತೆಗೆಯಬಹುದಿತ್ತು. ಆಮೇಲೆ ಆರು ಗಂಟೆಯಾದರೂ ಮೂತ್ರ ಬರದಿದ್ದರೆ ಸ್ಕ್ಯಾನ್ ಮಾಡಿ ನೋಡಿ, ಒಂದು ಸಲ ಪೈಪ್ ಹಾಕಿ ಖಾಲಿ ಮಾಡಿ ತೆಗೆದರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಇನ್ನು ಹೊಲಿಗೆಯ ಕೀವು. ಆಪರೇಷನ್ನಿಗೆ ಮೊದಲು ಬ್ಲೇಡಿನಿಂದ ಬೋಳಿಸುವುದು ಬೇಡ, ಅದು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ. ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಬಳಸಬೇಕು. ಆಂಟಿಬಯಾಟಿಕ್ ಕೊಡುವ ಹೊತ್ತು ಇನ್ನೂ ಮುಖ್ಯ. ಚಾಕು ಚರ್ಮ ಮುಟ್ಟುವ ಮೊದಲಿನ ಎರಡು ಗಂಟೆಯೊಳಗೆ ಕೊಟ್ಟವರಲ್ಲಿ ಸೋಂಕು ಶೇ 0.6, ಅದಕ್ಕಿಂತ ಮುಂಚೆಯೇ ಕೊಟ್ಟವರಲ್ಲಿ ಶೇ 3.8, ಆಪರೇಷನ್ ಶುರುವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ ಶೇ 3.3 ಎಂದು 1992ರ ಪ್ರಸಿದ್ಧ ಅಧ್ಯಯನವೊಂದು ಕಂಡುಕೊಂಡಿತು. ಔಷಧಿ ಆ ಹೊತ್ತಿಗೆ ಅಂಗಾಂಶದಲ್ಲಿ ಇರಬೇಕು, ಅಷ್ಟೇ. ಮೊದಲೇ ಗೊತ್ತುಮಾಡಿದ, ಸೋಂಕಿಲ್ಲದ ಆಪರೇಷನ್ನಿನ ನಂತರ "ಸೇಫ್ಟಿಗೆ" ಎಂದು ಐದು ದಿನ ಮುಂದುವರಿಸುವುದರಿಂದ ಲಾಭವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ನಮ್ಮ ರೈತರ ಕಥೆ ಬೇರೆ: ತೂತಿನಿಂದ ಸೋರಿದ್ದು ಹೊಟ್ಟೆಯಲ್ಲೆಲ್ಲ ಹರಡಿದೆ, ಅವರಿಗೆ ಆಂಟಿಬಯಾಟಿಕ್ ಚಿಕಿತ್ಸೆಯೇ.

ಇಂಥ ಹೊಟ್ಟೆಯ ಆಪರೇಷನ್ನುಗಳ ಬಗ್ಗೆಯೇ ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ಎರಡು ದೊಡ್ಡ ಪರೀಕ್ಷೆಗಳು ನಡೆದವು. 2021ರಲ್ಲಿ ಬಂದ ಮೊದಲನೆಯದು, ಚರ್ಮಕ್ಕೆ ಹಚ್ಚಲು ದುಬಾರಿ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಮತ್ತು ಔಷಧಿ ಲೇಪಿಸಿದ ಹೊಲಿಗೆ ದಾರ ಬಳಸಿದರೆ ಉಪಯೋಗವಿದೆಯೇ ಎಂದು ನೋಡಿತು. ಪೊವಿಡೋನ್ ಅಯೋಡಿನ್ ಮತ್ತು ಸಾದಾ ದಾರಕ್ಕಿಂತ ಅವು ಮೇಲೆನಿಸಲಿಲ್ಲ. 2022ರ ಎರಡನೆಯದು 'ಚೀಟಾ'. ಅದು ಕೇಳಿದ್ದು ಸಣ್ಣ ಪ್ರಶ್ನೆ: ಹೊಟ್ಟೆಯ ಕೆಲಸ ಮುಗಿದು ಹೊಲಿಗೆ ಹಾಕುವ ಮೊದಲು ತಂಡದವರೆಲ್ಲ ಗ್ಲೌಸ್ ಬದಲಿಸಿ, ಹೊಸ ಸ್ಟೆರೈಲ್ ಉಪಕರಣ ತೆಗೆದುಕೊಂಡರೆ ಏನಾಗುತ್ತದೆ? ಕರುಳು ಮುಟ್ಟಿದ ಗ್ಲೌಸಿನಿಂದಲೇ ಚರ್ಮ ಹೊಲಿಯುವುದು ಎಷ್ಟು ಸಾಮಾನ್ಯವೆಂದರೆ, ಹಳೆಯ ರೂಢಿ ಮುಂದುವರಿಸಿದ ಆಸ್ಪತ್ರೆಗಳಲ್ಲಿ ಶೇ 1ರಷ್ಟು ಆಪರೇಷನ್ನುಗಳಲ್ಲೂ ಬದಲಾವಣೆ ನಡೆದಿರಲಿಲ್ಲ. 81 ಆಸ್ಪತ್ರೆಗಳ 13 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಸೋಂಕು ಶೇ 18.9ರ ಬದಲು ಶೇ 16 ಆಯಿತು. ಎಂದರೆ ನೂರು ಆಪರೇಷನ್ನಿಗೆ ಮೂವರಿಗೆ ಕೀವು ತಪ್ಪಿತು. ಉಳಿದ ಹದಿನಾರು ಮಂದಿಗೆ ಆಗಿಯೇ ಆಯಿತು ಎಂಬುದನ್ನೂ ಹೇಳಬೇಕು.

ಈ ಲೆಕ್ಕ ಸಿಕ್ಕಿದ್ದು ರೋಗಿಗಳನ್ನು 30 ದಿನ ಹಿಂಬಾಲಿಸಿದ್ದರಿಂದ. ಹೊಲಿಗೆಯ ಸೋಂಕು ಹೆಚ್ಚಾಗಿ ಐದರಿಂದ ಹತ್ತನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಅನೇಕರು ಮನೆಗೆ ಹೋಗಿರುತ್ತಾರೆ. ಕೀವು ಬಂದರೆ ಊರಿನ ಕ್ಲಿನಿಕ್ಕಿನಲ್ಲೇ ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾರೆ, ಆಪರೇಷನ್ ಮಾಡಿದ ಆಸ್ಪತ್ರೆಯ ದಾಖಲೆಯಲ್ಲಿ ಅದು ಸೊನ್ನೆ. ಸೋಂಕೇ ಇಲ್ಲ ಎನ್ನುವ ಆಸ್ಪತ್ರೆಯನ್ನು ಮೊದಲು ಕೇಳಬೇಕಾದದ್ದು, ಡಿಸ್ಚಾರ್ಜ್ ಆದವರಿಗೆ ಯಾರು, ಯಾವಾಗ ಫೋನ್ ಮಾಡುತ್ತಾರೆ ಎಂದು.